ಫುಲ್ ಇನ್ಶೂರೆನ್ಸ್ ಯಾರಿಗೆ ಬೇಕು?

2019ರ ಫೆಬ್ರುವರಿ 23, ಶನಿವಾರ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾದ ನಾಲ್ಕನೇ ದಿನ. ಜನ ಕತ್ತೆತ್ತಿ ಆಕಾಶ ನೋಡುತ್ತಿದ್ದ ಹೊತ್ತಿನಲ್ಲಿ ಐದನೇ ಗೇಟಿನ ಬಳಿಯ ಪಾರ್ಕಿಂಗ್ ಮೈದಾನದಿಂದ ದಟ್ಟ ಕಪ್ಪು ಹೊಗೆ ಎದ್ದಿತು. ಕಾಲ ಕೆಳಗೆ ಒಣಹುಲ್ಲು, ಮೇಲೆ ಜೋರು ಗಾಳಿ, ನಡುವೆ ಒತ್ತೊತ್ತಾಗಿ ನಿಲ್ಲಿಸಿದ ಕಾರುಗಳು. ಒಂದರಿಂದ ಇನ್ನೊಂದಕ್ಕೆ ಬೆಂಕಿ ಹತ್ತುತ್ತಾ ಹೋಗಿ, ಆರಿಸುವಷ್ಟರಲ್ಲಿ ಸುಮಾರು 300 ಕಾರುಗಳು ಹಾಳಾಗಿದ್ದವು. ಯಾರ ಜೀವವೂ ಹೋಗಲಿಲ್ಲ, ಅದೊಂದು ಪುಣ್ಯ. ಬಹಳಷ್ಟು ಕಾರುಗಳಲ್ಲಿ ಉಳಿದದ್ದು ತಗಡು ಮಾತ್ರ.

ಆ ಮೈದಾನದಲ್ಲಿ ಎಲ್ಲ ಕಾರುಗಳೂ ಒಂದೇ ಥರ ಸುಟ್ಟಿದ್ದವು. ಮಾಲೀಕರ ಸ್ಥಿತಿ ಮಾತ್ರ ಒಂದೇ ಥರ ಇರಲಿಲ್ಲ. ನಾವು ಮಾತಿನಲ್ಲಿ ‘ಫುಲ್ ಇನ್ಶೂರೆನ್ಸ್’ ಅನ್ನುವ ಪಾಲಿಸಿ ಇದ್ದವರಿಗೆ ಕಾರಿನ ಬೆಲೆ ಕೇಳುವ ಹಕ್ಕಿತ್ತು, ಏಕೆಂದರೆ ಅದರಲ್ಲಿ ಸ್ವಂತ ವಾಹನದ ಹಾನಿಯೂ ಸೇರಿರುತ್ತದೆ, ಬೆಂಕಿಯೂ ಸೇರಿರುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಅವರ ಪಾಲಿಸಿಯಿಂದ ಒಂದು ರೂಪಾಯಿಯೂ ಬರುವಂತಿರಲಿಲ್ಲ. ಥರ್ಡ್ ಪಾರ್ಟಿ ಇರುವುದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಅಷ್ಟನ್ನೇ. ನಮ್ಮ ಗಾಡಿಯ ರಕ್ಷಣೆಯನ್ನು ಕಾನೂನು ನಮ್ಮ ಇಷ್ಟಕ್ಕೆ ಬಿಟ್ಟಿದೆ.

ಆ ಇಷ್ಟವನ್ನು ಯಾರು ಹೇಗೆ ಚಲಾಯಿಸಬೇಕು ಎನ್ನುವ ಪ್ರಶ್ನೆ ನನಗೆ ಮತ್ತೆ ಎದುರಾದದ್ದು ಆರ್.ಟಿ. ನಗರದ ನಮ್ಮ ಬೀದಿಯಲ್ಲೇ. ಎದುರುಮನೆಯ ಔಟ್‌ಹೌಸಿನಲ್ಲಿರುವವರು ಯಶವಂತಪುರ ಸ್ಟೇಷನ್ನಿನಿಂದ ಏರ್‌ಪೋರ್ಟಿಗೆ ಹೆಬ್ಬಾಳದ ಮೇಲೆ ಕ್ಯಾಬ್ ಓಡಿಸುತ್ತಾರೆ. ಗಾಡಿಯ ಸಾಲ ತೀರಿದ ಮೇಲೆ ಬಂದ ಮೊದಲ ರಿನ್ಯೂವಲ್‌ನಲ್ಲಿ ಅವರು ಫುಲ್ ಇನ್ಶೂರೆನ್ಸ್ ಬಿಟ್ಟು ಥರ್ಡ್ ಪಾರ್ಟಿ ಮಾತ್ರ ಕಟ್ಟಲು ಹೊರಟಿದ್ದರು.

“ಲೋನ್ ಇದ್ದಾಗ ಫೈನಾನ್ಸ್‌ನೋರು ಬಿಡ್ತಿರಲಿಲ್ಲ ಸಾರ್, ಕಟ್ಟಲೇಬೇಕಿತ್ತು. ಐದು ವರ್ಷ ಕಟ್ಟಿದೆ, ಒಂದು ಕ್ಲೈಮ್ ಮಾಡಿಲ್ಲ. ನೀರಿಗೆ ಹಾಕಿದ ಹಾಗಾಯ್ತು. ಇನ್ನು ಪೊಲೀಸ್‌ನೋರಿಗೆ ತೋರಿಸೋಕೆ, ಎಫ್‌ಸಿಗೆ ಥರ್ಡ್ ಪಾರ್ಟಿ ಇದ್ರೆ ಸಾಕಲ್ವಾ?”

ಅದೇ ಬೀದಿಯ ಮೂಲೆಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸ್ವಂತ ಮನೆ, ಪಿಂಚಣಿ, ಡಿಪಾಸಿಟ್ಟು ಎಲ್ಲ ಇದೆ. ವಾರಕ್ಕೆರಡು ಸಲ ಹೊರಗೆ ಬರುವ ಅವರ ಸಣ್ಣ ಕಾರಿಗೆ ಬಂಪರ್ ಟು ಬಂಪರ್ ಪಾಲಿಸಿ. “ಒಂದು ಗೀರು ಬಿದ್ರೂ ನಾನು ಕೈಯಿಂದ ಹಾಕೋ ಹಾಗಿಲ್ಲ ನೋಡಿ,” ಎಂದು ಸಮಾಧಾನದಿಂದ ಹೇಳಿದರು.

ಇಬ್ಬರೂ ತಿಳಿದೇ ತೀರ್ಮಾನ ಮಾಡಿದವರು. ಆದರೂ ಅರ್ಥಶಾಸ್ತ್ರದ ಒಂದು ಹಳೆಯ ಲೆಕ್ಕದ ಪ್ರಕಾರ ಇಬ್ಬರ ಪಾಲಿಸಿಗಳೂ ಅದಲು ಬದಲಾಗಿರಬೇಕಿತ್ತು. ಆ ಲೆಕ್ಕ ಎಷ್ಟರಮಟ್ಟಿಗೆ ಸರಿ, ಎಲ್ಲಿ ಕ್ಯಾಬ್‌ನವರ ಮಾತೇ ಹೆಚ್ಚು ತೂಗುತ್ತದೆ ಎಂದು ಎರಡೂ ಕಡೆಯಿಂದ ನೋಡಬೇಕೆನಿಸಿತು.

ಲೆಕ್ಕ ಸುಲಭವಾಗಲೆಂದು ಇಬ್ಬರ ಕಾರಿಗೂ 4 ಲಕ್ಷ ರೂಪಾಯಿ ಬೆಲೆ ಅಂತ ಇಟ್ಟುಕೊಳ್ಳೋಣ. ಒಂದು ವರ್ಷದಲ್ಲಿ ಕಾರು ಸಂಪೂರ್ಣ ನಾಶವಾಗುವ ಸಾಧ್ಯತೆ ನೂರಕ್ಕೆ ಒಂದು. ಇದು ನಾನು ಊಹಿಸಿಕೊಂಡ ಅಂಕಿ, ಯಾವ ಸಮೀಕ್ಷೆಯದೂ ಅಲ್ಲ. ಸಣ್ಣ ಅಪಘಾತಗಳನ್ನು ಸದ್ಯಕ್ಕೆ ಬದಿಗಿಡೋಣ. ಇಂಥ ನೂರು ಕಾರುಗಳಿಗೆ ವಿಮೆ ಮಾಡಿದ ಕಂಪನಿ ವರ್ಷಕ್ಕೆ ಸರಾಸರಿ ಒಂದು ಕಾರಿನ ಬೆಲೆ, ಅಂದರೆ 4 ಲಕ್ಷ, ಕೊಡಬೇಕಾಗುತ್ತದೆ. ಅದನ್ನು ನೂರು ಜನರಿಗೆ ಹಂಚಿದರೆ ತಲೆಗೆ 4,000. ಲಾಭವೂ ಇಲ್ಲ, ಖರ್ಚೂ ಇಲ್ಲ, ಹೊರಹೋಗುವ ಪರಿಹಾರಕ್ಕೆ ಸರಿಸಮವಾಗಿ ಒಳಬರುವ ಹಣ. ಇದನ್ನೇ ನ್ಯಾಯದ ಪ್ರೀಮಿಯಂ ಅನ್ನುತ್ತಾರೆ.

ಈ ದರದಲ್ಲಿ ವಿಮೆ ಮಾಡಿಸಿದರೂ ಬಿಟ್ಟರೂ ಸರಾಸರಿ ಹಣ ಒಂದೇ. ಕ್ಯಾಬ್‌ನವರ ಒಟ್ಟು ಆಸ್ತಿ 5 ಲಕ್ಷ ಅನ್ನೋಣ: ಗಾಡಿ 4 ಲಕ್ಷ, ಕೈಯಲ್ಲಿ 1 ಲಕ್ಷ. ವಿಮೆ ಇಲ್ಲದಿದ್ದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು 5 ಲಕ್ಷ ಉಳಿಯುತ್ತದೆ, ಒಂದು ಪಾಲು 1 ಲಕ್ಷ ಉಳಿಯುತ್ತದೆ, ಸರಾಸರಿ 4,96,000. ವಿಮೆ ಮಾಡಿಸಿದರೆ 4,000 ಕಳೆದು ಖಚಿತವಾಗಿ 4,96,000. ಹಾಗಾದರೆ ಕಟ್ಟುವುದರಿಂದ ಸಿಕ್ಕಿದ್ದೇನು?

ಇಲ್ಲಿ ಬರುತ್ತದೆ ಪಿಯುಸಿ ಪುಸ್ತಕದಲ್ಲಿ ಓದಿದ ತುಷ್ಟಿಗುಣ. ರೂಪಾಯಿ ಎಲ್ಲ ಕೈಯಲ್ಲೂ ಒಂದೇ ತೂಕದ್ದಲ್ಲ. ಹಣ ಹೆಚ್ಚಿದಂತೆ ಮುಂದಿನ ರೂಪಾಯಿ ಕೊಡುವ ತೃಪ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾಗಿ ಹಣದ ಸರಾಸರಿ ನೋಡಬಾರದು, ತೃಪ್ತಿಯ ಸರಾಸರಿ ನೋಡಬೇಕು. ಅದೇ ನಿರೀಕ್ಷಿತ ತುಷ್ಟಿಗುಣ. ತೃಪ್ತಿಯನ್ನು ಅಳೆಯಲು ಒಂದು ಸರಳ ಅಳತೆಗೋಲು ಬೇಕಲ್ಲ, ಆಸ್ತಿಯ ವರ್ಗಮೂಲವನ್ನೇ ತೆಗೆದುಕೊಳ್ಳೋಣ. ಆಸ್ತಿ ನಾಲ್ಕು ಪಟ್ಟಾದರೆ ತೃಪ್ತಿ ಎರಡೇ ಪಟ್ಟು ಅನ್ನುವುದು ಇದರ ಅರ್ಥ.

5 ಲಕ್ಷದ ವರ್ಗಮೂಲ 707.1. 1 ಲಕ್ಷದ್ದು 316.2. ವಿಮೆ ಇಲ್ಲದ ಕ್ಯಾಬ್‌ನವರಿಗೆ ತೊಂಬತ್ತೊಂಬತ್ತು ಪಾಲು ಮೊದಲನೆಯದು, ಒಂದು ಪಾಲು ಎರಡನೆಯದು, ಕೂಡಿದರೆ 703.2. ವಿಮೆ ಮಾಡಿಸಿ ಖಚಿತವಾಗಿ ಉಳಿಯುವ 4,96,000ದ ವರ್ಗಮೂಲ 704.3. ಹಣದ ಸರಾಸರಿ ಸಮ, ತೃಪ್ತಿಯ ಸರಾಸರಿ ಮಾತ್ರ ಮೇಲಕ್ಕೆ ಹೋಯಿತು. ಕಾರಣವೂ ಸ್ಪಷ್ಟ. ಪ್ರೀಮಿಯಂ ಅನ್ನುವುದು ಗಾಡಿ ಚೆನ್ನಾಗಿ ಓಡುವ ವರ್ಷಗಳಿಂದ, ರೂಪಾಯಿ ಹಗುರವಾಗಿರುವ ಹೊತ್ತಿನಿಂದ, ದುಡ್ಡು ತೆಗೆದು ಗಾಡಿ ಸುಟ್ಟ ವರ್ಷಕ್ಕೆ, ರೂಪಾಯಿ ಭಾರವಾಗಿರುವ ಹೊತ್ತಿಗೆ, ಸಾಗಿಸುತ್ತದೆ. ಸಾಗಾಣಿಕೆಗೆ ಖರ್ಚಿಲ್ಲದಿದ್ದರೆ, ಎರಡೂ ಕಡೆ ರೂಪಾಯಿಯ ತೂಕ ಸಮವಾಗುವ ತನಕ ಸಾಗಿಸುತ್ತಲೇ ಇರುವುದು ಲಾಭ. ಸಮವಾಗುವುದು ಪೂರ್ತಿ 4 ಲಕ್ಷಕ್ಕೆ ವಿಮೆ ಮಾಡಿಸಿದಾಗ. ರಿಸ್ಕ್ ಒಲ್ಲದವರು ನ್ಯಾಯದ ಪ್ರೀಮಿಯಂನಲ್ಲಿ ಪೂರ್ತಿ ವಿಮೆ ಕೊಳ್ಳುತ್ತಾರೆ ಅನ್ನುವ ಮಾತಿನ ಒಳಗಿರುವುದು ಇಷ್ಟೇ. ಅದು ಹೆದರಿಕೆಯ ಮಾತಲ್ಲ. ಧೈರ್ಯವಂತರಿಗೂ ಹಸಿದಾಗಿನ ತುತ್ತು ಹೊಟ್ಟೆ ತುಂಬಿದಾಗಿನ ತುತ್ತಿಗಿಂತ ದೊಡ್ಡದು.

ಕ್ಯಾಬ್‌ನವರು “ನೀರಿಗೆ ಹಾಕಿದ ಹಾಗಾಯ್ತು” ಅಂದದ್ದಕ್ಕೆ ಇದು ಒಂದು ಕಡೆಯ ಉತ್ತರ. ಐದು ವರ್ಷ ಬೆಂಕಿ ಬೀಳಲಿಲ್ಲ ಅನ್ನುವುದು ಪ್ರೀಮಿಯಂ ವ್ಯರ್ಥವಾಯಿತು ಅನ್ನುವುದಕ್ಕೆ ಸಾಕ್ಷಿಯಲ್ಲ. ನೂರಕ್ಕೆ ಒಂದರ ಸಾಧ್ಯತೆ ಇದ್ದಾಗ ಐದು ವರ್ಷ ಏನೂ ಆಗದೇ ಇರುವುದೇ ಸಹಜ. ನೂರು ಜನರಲ್ಲಿ ತೊಂಬತ್ತೈದು ಜನರಿಗೆ ಹಾಗೇ ಆಗುತ್ತದೆ. ಅವರು ಇನ್ನೊಂದು ಮಾತೂ ಸೇರಿಸಿದರು: “ಚೀಟಿ ಹಾಕಿದ್ದೀನಲ್ಲ ಸಾರ್, ಅದೇ ನಮ್ಮ ಇನ್ಶೂರೆನ್ಸ್.” ಚೀಟಿ ಒಳ್ಳೆಯದೇ, ಕಷ್ಟ ಬಂದಾಗ ಮೊದಲೇ ಕೂಗಿ ಎತ್ತಿಕೊಳ್ಳಬಹುದು. ಆದರೆ ಎತ್ತಿದ ಚೀಟಿಯ ಕಂತನ್ನು ಕೊನೆಯ ತಿಂಗಳ ತನಕ ಕಟ್ಟಲೇಬೇಕು. ದುಡಿಯುವ ಗಾಡಿಯೇ ಇಲ್ಲದ ತಿಂಗಳುಗಳಲ್ಲಿ ಆ ಕಂತು ಎಲ್ಲಿಂದ ಬರಬೇಕು? ಚೀಟಿ ನಷ್ಟವನ್ನು ಮುಂದಕ್ಕೆ ತಳ್ಳುತ್ತದೆ, ಹಂಚುವುದಿಲ್ಲ.

ಈಗ ಅದೇ ಕಾರನ್ನು ಮೂಲೆಮನೆಗೆ ಒಯ್ಯೋಣ. ಹಿರಿಯರ ಒಟ್ಟು ಆಸ್ತಿ 1 ಕೋಟಿ. ಕಾರು ಹೋದರೆ ಉಳಿಯುವುದು 96 ಲಕ್ಷ. ವಿಮೆ ಇಲ್ಲದೆ ಅವರಿಗೆ ಸಿಗುವ ಸರಾಸರಿ ತೃಪ್ತಿಗೂ ವಿಮೆಯೊಂದಿಗೆ ಸಿಗುವುದಕ್ಕೂ ಕೂದಲೆಳೆಯ ಅಂತರ. ಇಬ್ಬರೂ ಹೆಚ್ಚೆಂದರೆ ಎಷ್ಟು ಪ್ರೀಮಿಯಂ ಕಟ್ಟಬಹುದು ಎಂದು ಇದೇ ವರ್ಗಮೂಲದಿಂದ ಲೆಕ್ಕ ಹಾಕಿದರೆ, ಕ್ಯಾಬ್‌ನವರ ಮಿತಿ 5,512 ರೂಪಾಯಿ, ಹಿರಿಯರ ಮಿತಿ 4,040. ನ್ಯಾಯದ ದರಕ್ಕಿಂತ ಮೇಲೆ ಅವರು 1,512 ಕೊಡಬಹುದು, ಇವರು 40 ಮಾತ್ರ. ಒಂದೇ ಕಾರು, ಒಂದೇ ಬೆಂಕಿ, ಒಂದೇ ಸಾಧ್ಯತೆ. ನಷ್ಟ ಆಸ್ತಿಯ ಎಷ್ಟನೇ ಪಾಲು ಅನ್ನುವುದಷ್ಟೇ ವ್ಯತ್ಯಾಸ.

ಈ ದಾರಿಯನ್ನು ತೋರಿಸಿದವನು ಡೇನಿಯಲ್ ಬರ್ನೂಲಿ, 1738ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿ ಪ್ರಕಟಿಸಿದ ಲೇಖನದಲ್ಲಿ. ಆ ಲೇಖನದ ಹೆಸರು ಕೇಳಿದವರಿಗೆಲ್ಲ ಅದರ ನಾಣ್ಯ ಚಿಮ್ಮುವ ಆಟ ಗೊತ್ತು. ಅದರಲ್ಲೇ ಒಂದು ವಿಮೆಯ ಲೆಕ್ಕವೂ ಇದೆ, ನನಗೆ ಹೆಚ್ಚು ಪ್ರಿಯವಾದದ್ದು ಅದು. ಆಮ್‌ಸ್ಟರ್‌ಡಾಮಿನಲ್ಲಿ ಸರಕು ಕೊಂಡ ವ್ಯಾಪಾರಿ ಅದನ್ನು ಹಡಗಿನಲ್ಲಿ ಪೀಟರ್ಸ್‌ಬರ್ಗಿಗೆ ತರಿಸುತ್ತಾನೆ. ತಲುಪಿದರೆ 10,000 ರೂಬಲ್. ಆ ಕಾಲದಲ್ಲಿ ನೂರು ಹಡಗಿನಲ್ಲಿ ಐದು ಮುಳುಗುತ್ತವೆ, ಅಂದರೆ ನ್ಯಾಯದ ಪ್ರೀಮಿಯಂ 500. ವಿಮೆ ಕೊಡುವವರು ಕೇಳುವುದು 800. ಕಟ್ಟಬೇಕೇ ಬೇಡವೇ? ಬರ್ನೂಲಿಯ ಉತ್ತರ: ಸರಕನ್ನು ಬಿಟ್ಟು ಬೇರೆ 5,043 ರೂಬಲ್ ಆಸ್ತಿ ಇದ್ದರೆ ಕಟ್ಟದೇ ಇರುವುದು ಸರಿ, ಅದಕ್ಕಿಂತ ಕಡಿಮೆ ಇದ್ದರೆ ಆ ದುಬಾರಿ ದರಕ್ಕೂ ಕಟ್ಟುವುದೇ ಸರಿ. ಅಷ್ಟಕ್ಕೇ ನಿಲ್ಲದೆ ವಿಮೆ ಕೊಡುವವನ ಕಡೆಗೂ ತಿರುಗುತ್ತಾನೆ. 800 ರೂಬಲ್‌ಗೆ ಈ ಹೊಣೆ ಹೊರಲು ಅವನ ಬಳಿ ಕಡಿಮೆಯೆಂದರೆ 14,243 ರೂಬಲ್ ಇರಬೇಕು. ಇದ್ದರೆ ಇಬ್ಬರಿಗೂ ಲಾಭ. ಒಬ್ಬರ ನಷ್ಟ ಇನ್ನೊಬ್ಬರ ಲಾಭ ಅನ್ನುವ ಅನುಮಾನದಿಂದ ವಿಮೆಯನ್ನು ಹೊರತಂದದ್ದು ಈ ಸಣ್ಣ ಲೆಕ್ಕ. ಯಲಹಂಕದಲ್ಲಿ ಒಂದೇ ಮಧ್ಯಾಹ್ನ ಹಾಳಾದ ಕಾರುಗಳು ಒಬ್ಬೊಬ್ಬ ಮಾಲೀಕನಿಗೂ ದೊಡ್ಡ ಪೆಟ್ಟು. ದೇಶದ ಉದ್ದಗಲಕ್ಕೂ ಪಾಲಿಸಿ ಕೊಟ್ಟ ಕಂಪನಿಗಳಿಗೆ ಅದು ಸಹಿಸಬಹುದಾದ ಒಂದು ದಿನ.

ಇನ್ನು ಇನ್ನೊಂದು ಕಡೆ. ನ್ಯಾಯದ ಪ್ರೀಮಿಯಂ ಅನ್ನುವುದು ಪುಸ್ತಕದಲ್ಲಿ ಸಿಗುತ್ತದೆ, ಕೌಂಟರಿನಲ್ಲಿ ಸಿಗುವುದಿಲ್ಲ. ಕಂಪನಿಗೆ ಕಚೇರಿ ಇದೆ, ಸಿಬ್ಬಂದಿ ಇದ್ದಾರೆ, ಏಜೆಂಟರ ಕಮಿಷನ್ ಇದೆ, ಸರ್ವೇಯರ್ ಶುಲ್ಕ ಇದೆ. ಅದರ ಮೇಲೆ ಮೋಟಾರು ವಿಮೆಗೆ ಶೇ 18 ಜಿಎಸ್‌ಟಿ. ಕಂಪನಿ ಒಂದು ರೂಪಾಯಿ ಖರ್ಚೂ ಇಲ್ಲದೆ ನಡೆದರೂ ನಮ್ಮ 4,000ದ ಪ್ರೀಮಿಯಂ ತೆರಿಗೆ ಸೇರಿ 4,720 ಆಗುತ್ತದೆ. ಹಿರಿಯರ ಮಿತಿ 4,040 ಅಲ್ಲಿಗೇ ದಾಟಿಹೋಯಿತು. ಕೂಡಿಸಿದ ನೂರು ರೂಪಾಯಿಯಲ್ಲಿ ಎಪ್ಪತ್ತು ಮಾತ್ರ ಪರಿಹಾರವಾಗಿ ವಾಪಸ್ ಬರುತ್ತದೆ ಅಂತ ಊಹಿಸಿದರೆ ಪ್ರೀಮಿಯಂ ಸುಮಾರು 5,714, ತೆರಿಗೆ ಸೇರಿ 6,743. ಈಗ ಕ್ಯಾಬ್‌ನವರ 5,512 ಕೂಡ ಸಾಲದು! ಅವರು ಥರ್ಡ್ ಪಾರ್ಟಿ ಸಾಕು ಅಂದದ್ದು ಲೆಕ್ಕ ಬಾರದೆ ಅಲ್ಲ ಎಂದು ಇಲ್ಲಿ ಒಪ್ಪಬೇಕಾಗುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ವರ್ಗಮೂಲ ನಾನು ಸುಲಭಕ್ಕೆಂದು ಆರಿಸಿಕೊಂಡ ಅಳತೆಗೋಲು. ಬರ್ನೂಲಿ ಬಳಸಿದ್ದು ಲಾಗರಿದಮ್, ಅದು ಇನ್ನೂ ಬೇಗ ಬಾಗುವ ಗೆರೆ. ಅದರಲ್ಲಿ ಆಸ್ತಿ ಅರ್ಧವಾಗುವ ನೋವು ಲಕ್ಷಾಧೀಶನಿಗೂ ಕೋಟ್ಯಧೀಶನಿಗೂ ಒಂದೇ. ಅದರಿಂದ ಲೆಕ್ಕ ಹಾಕಿದರೆ ಕ್ಯಾಬ್‌ನವರ ಮಿತಿ 7,983ಕ್ಕೆ ಏರುತ್ತದೆ, 6,743 ಕಟ್ಟುವುದು ಸರಿ ಅಂತಾಗುತ್ತದೆ. ಹಿರಿಯರದು 4,040ರಿಂದ 4,081ಕ್ಕೆ ಬರುತ್ತದೆ, ಅಷ್ಟೆ. ಅಂದರೆ ಉಳ್ಳವರ ಉತ್ತರ ಯಾವ ಅಳತೆಗೋಲಿಗೂ ಅಲ್ಲಾಡುವುದಿಲ್ಲ. ಇಲ್ಲದವರ ಉತ್ತರ ಮಾತ್ರ ಅವರ ಮನೆಯಲ್ಲಿ ಕಷ್ಟ ನಿಜಕ್ಕೂ ಎಷ್ಟು ಕಡಿದಾಗಿ ಇಳಿಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಸಿದ್ಧಾಂತಕ್ಕೆ ಅದು ಗೊತ್ತಿಲ್ಲ, ಅವರಿಗೆ ಗೊತ್ತು. ನನ್ನ ಅನಿಸಿಕೆ ಲಾಗರಿದಮ್ ಕಡೆಗೇ ವಾಲುತ್ತದೆ. ಏಕೆಂದರೆ ಅವರ ಗಾಡಿ ಬರೀ 4 ಲಕ್ಷದ ಆಸ್ತಿಯಲ್ಲ, ನಾಳೆಯ ಸಂಪಾದನೆ. ಗಾಡಿ ಹೋದ ದಿನದಿಂದ ಬಾಡಿಗೆಯೂ ನಿಲ್ಲುತ್ತದೆ, ಮನೆಯ ಬಾಡಿಗೆ ನಿಲ್ಲುವುದಿಲ್ಲ.

ಕ್ಯಾಬ್‌ನವರ ಎರಡನೇ ಆಕ್ಷೇಪ ಇನ್ನೂ ಗಟ್ಟಿ: “ಕಟ್ಟಿದ್ರೂ ಕೊಡ್ತಾರೆ ಅಂತ ಏನು ಗ್ಯಾರಂಟಿ?” ಲೆಕ್ಕದಲ್ಲಿ ನಾನು ಕಾರು ಹೋದರೆ 4 ಲಕ್ಷ ಬಂದೇ ಬರುತ್ತದೆ ಅಂದುಕೊಂಡಿದ್ದೆ. ಪಾಲಿಸಿಯ ಹಾಳೆ ಹಾಗನ್ನುವುದಿಲ್ಲ. ಅಂದು ಅವರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಹಳೆಯ ಪಾಲಿಸಿ ತೆಗೆಸಿ ಇಬ್ಬರೂ ಬಾನೆಟ್ ಮೇಲೆ ಹರಡಿಕೊಂಡು ಓದಿದೆವು. ಮೊದಲ ಪುಟದಲ್ಲಿ ಐಡಿವಿ ಎಂದು ಒಂದು ಅಂಕಿ. ಕಾರು ಪೂರ್ತಿ ಹೋದರೆ ಸಿಗುವ ಗರಿಷ್ಠ ಹಣ ಅದೇ. ಕಾರಿನ ವಯಸ್ಸಿಗೆ ತಕ್ಕಂತೆ ಅದು ಕರಗುತ್ತದೆ: ಪಟ್ಟಿಯ ಪ್ರಕಾರ ಎರಡನೇ ವರ್ಷ ಶೇ 20, ಮೂರನೇ ವರ್ಷ 30, ಐದನೇ ವರ್ಷಕ್ಕೆ ಅರ್ಧ. ಗಾಡಿಗೆ ಕಟ್ಟಿದ ರೋಡ್ ಟ್ಯಾಕ್ಸು ಅದರಲ್ಲಿ ಸೇರುವುದಿಲ್ಲ. ಸಿದ್ಧಾಂತ ಹೇಳುವ ‘ಪೂರ್ತಿ ವಿಮೆ’ಗೂ ನಾವು ಹೇಳುವ ‘ಫುಲ್ ಇನ್ಶೂರೆನ್ಸ್’ಗೂ ಇಷ್ಟು ಅಂತರ.

ನೀರಿನ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಜೋರು ಮಳೆ ಬಂದರೆ ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಗಾಡಿ ಆಫ್ ಆಯಿತು ಅನ್ನಿ. ಯಾರೇ ಆಗಲಿ ಮೊದಲು ಮಾಡುವುದು ಮತ್ತೊಮ್ಮೆ ಕೀಲಿ ತಿರುಗಿಸುವುದು. ಆಗ ಸಿಲಿಂಡರಿನೊಳಗೆ ನೀರು ಎಳೆದುಕೊಳ್ಳುತ್ತದೆ. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ, ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಹೋಯಿತು. ವಿಮೆಯವರು ಇದನ್ನು ಪ್ರವಾಹದ ನೇರ ಹಾನಿಯಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಎಂದು ತಳ್ಳಿಹಾಕಬಹುದು; ಎಂಜಿನ್ ಪ್ರೊಟೆಕ್ಷನ್ ಅನ್ನುವ ಬೇರೆ ಸೇರ್ಪಡೆ ಕೊಂಡಿದ್ದರೆ ಮಾತ್ರ ದಾರಿ. ಹಾಗೆ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡದೆ, ಫೋಟೊ ತೆಗೆದು, ಟೋ ಮಾಡಿಸುವುದೊಂದೇ ಸರಿಯಾದ ಕ್ರಮ. ಪಾಲಿಸಿ ಮಾರುವ ಹೊತ್ತಿನಲ್ಲಿ ಯಾರೂ ಇದನ್ನು ಕೂತು ಹೇಳುವುದಿಲ್ಲ.

ಪರಿಹಾರ ಬಂದರೂ ಬರಬಹುದು, ಬಾರದೆಯೂ ಇರಬಹುದು ಅನ್ನುವ ಇಂಥ ವಿಮೆಯನ್ನು ಜನ ಹೇಗೆ ತೂಗುತ್ತಾರೆ ಎಂದು ಕೇಳಿದ ಅಧ್ಯಯನಗಳಿವೆ. 1979ರಲ್ಲಿ ಕಾಹ್ನೆಮನ್ ಮತ್ತು ಟ್ವೆರ್ಸ್ಕಿ ಎಂಬ ಸಂಶೋಧಕರು ಈ ಪ್ರಶ್ನೆಯನ್ನು ಎತ್ತಿದರು. 1997ರಲ್ಲಿ ಟ್ವೆರ್ಸ್ಕಿ, ಪೀಟರ್ ವಾಕರ್, ರಿಚರ್ಡ್ ಥೇಲರ್ ಜೊತೆಗೂಡಿ ಬರೆದ ಲೇಖನದಲ್ಲಿ ಉತ್ತರ ಇನ್ನೂ ಸ್ಪಷ್ಟವಾಗಿದೆ. ನೂರರಲ್ಲಿ ಒಂದು ಸಲ ಪರಿಹಾರ ಸಿಗದೇ ಹೋಗಬಹುದು ಅಂದರೆ, ಬಹುಪಾಲು ಜನ ಪ್ರೀಮಿಯಂನಲ್ಲಿ ಶೇ 20ಕ್ಕಿಂತ ಹೆಚ್ಚು ಕಡಿತ ಕೇಳಿದರು. ನಿರೀಕ್ಷಿತ ತುಷ್ಟಿಗುಣದ ಲೆಕ್ಕದಲ್ಲಿ ಶೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೆ ಸಾಕು. ಸಿದ್ಧಾಂತದ ಕಡೆಯವರು ಇದನ್ನು ಜನರ ತಪ್ಪು ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಪ್ರೀಮಿಯಂ ಕಟ್ಟಿ, ಗಾಡಿಯನ್ನೂ ಕಳೆದುಕೊಂಡು, ಪರಿಹಾರವೂ ಇಲ್ಲದೆ ನಿಲ್ಲುವುದು ವಿಮೆಯೇ ಇಲ್ಲದೆ ನಿಲ್ಲುವುದಕ್ಕಿಂತ ಕೆಳಗಿನ ಮೆಟ್ಟಿಲು. ಆ ಮೆಟ್ಟಿಲನ್ನು ಒಂದು ಸಲ ಕಂಡವರು ತಮ್ಮ ಸ್ಟ್ಯಾಂಡಿನಲ್ಲಿ ಹತ್ತು ಜನರಿಗೆ ಹೇಳುತ್ತಾರೆ, ಆ ಹತ್ತು ಜನರ ಮನಸ್ಸಿನಲ್ಲಿ ನೂರಕ್ಕೆ ಒಂದು ಹತ್ತಕ್ಕೆ ಒಂದಾಗುತ್ತದೆ.

ಪ್ರೀಮಿಯಂ ಯಾವಾಗಲೂ ನ್ಯಾಯದ ದರಕ್ಕಿಂತ ಮೇಲೇ ಇರುತ್ತದೆ ಅನ್ನುವುದೂ ಸರಿಯಲ್ಲ. ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟನ್ನು ನೋಡಿ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಬಿದ್ದಾಗ ಅದು ನೀರಿನಲ್ಲಿ ನಿಂತಿತು, ನಿವಾಸಿಗಳನ್ನು ದೋಣಿಯಲ್ಲಿ ಹೊರಗೆ ಕರೆತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಮತ್ತದೇ. ಅಂಥ ತಗ್ಗಿನಲ್ಲಿ ನಿಲ್ಲಿಸುವ ಕಾರಿಗೆ ನೂರಕ್ಕೆ ಒಂದು ಅನ್ನುವ ಊಹೆ ತೀರಾ ಕಡಿಮೆ. ಆದರೆ ಮೋಟಾರು ವಿಮೆಯ ದರಪಟ್ಟಿ ದೇಶವನ್ನು ವಲಯಗಳಾಗಿ ಹಂಚಿದಾಗ ಬೆಂಗಳೂರು ಪೂರ್ತಿ ಒಂದೇ ‘ಎ’ ವಲಯ. ಕೆರೆಯ ಕೆಳಗಿನ ಬೇಸ್‌ಮೆಂಟೂ ದಿಣ್ಣೆಯ ಮೇಲಿನ ಪೋರ್ಟಿಕೊವೂ ಅದರ ಕಣ್ಣಿಗೆ ಒಂದೇ. ಹಾಗಿದ್ದಲ್ಲಿ ತಗ್ಗಿನವರಿಗೆ ಪ್ರೀಮಿಯಂ ನ್ಯಾಯದ ದರಕ್ಕಿಂತ ಅಗ್ಗ, ಶ್ರೀಮಂತರಾಗಿದ್ದರೂ ಕೊಳ್ಳುವುದೇ ಸರಿ. ದಿಣ್ಣೆಯವರು ಸ್ವಲ್ಪ ಹೆಚ್ಚು ಕಟ್ಟುತ್ತಿರುತ್ತಾರೆ. ನಮ್ಮ ಸಾಧ್ಯತೆ ಎಷ್ಟು ಅನ್ನುವುದು ನಾವು ಗಾಡಿ ನಿಲ್ಲಿಸುವ ಜಾಗದಿಂದ ತಿಳಿಯುತ್ತದೆ, ಏಜೆಂಟರ ಕಾಗದದಿಂದಲ್ಲ. ಆದರೂ ಏರ್ ಶೋ ಪಾರ್ಕಿಂಗಿನ ಬೆಂಕಿಯನ್ನು ಯಾವ ಮಾಲೀಕ ತಾನೆ ಮೊದಲೇ ತನ್ನ ಪಟ್ಟಿಯಲ್ಲಿ ಬರೆದುಕೊಂಡಿದ್ದಾನು?

ಮೂಲೆಮನೆಯ ಹಿರಿಯರ ವಿಷಯಕ್ಕೆ ಬಂದರೆ ಎರಡೂ ಕಡೆ ತೂಗಿದ ಮೇಲೂ ನನ್ನ ಮನಸ್ಸು ಒಪ್ಪದ್ದು ಅವರ ಗೀರಿನ ವಿಮೆ. ಪ್ರೀಮಿಯಂ ನ್ಯಾಯದ ದರಕ್ಕಿಂತ ಹೆಚ್ಚಾದಾಗ ಪೂರ್ತಿ ವಿಮೆ ಸರಿಯಲ್ಲ ಎಂದು 1960ರ ದಶಕದಲ್ಲಿ ಕೆನೆತ್ ಆರೋ ಮತ್ತು ಯಾನ್ ಮೊಸಿನ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದರು. ಮೊದಲ ಒಂದಷ್ಟು ನಷ್ಟವನ್ನು ಕೈಯಿಂದಲೇ ಭರಿಸಿ, ಅದರ ಮೇಲಿನ ದೊಡ್ಡ ನಷ್ಟವನ್ನು ಮಾತ್ರ ವಿಮೆಗೆ ಬಿಡುವುದು ಒಳ್ಳೆಯದು. ನಮ್ಮಲ್ಲೂ ಅದಕ್ಕೆ ಅವಕಾಶ ಇದೆ. ಹಳೆಯ ದರಪಟ್ಟಿಯ ಪ್ರಕಾರ ಖಾಸಗಿ ಕಾರಿನ ಮಾಲೀಕರು ಪ್ರತಿ ಅಪಘಾತದ ಮೊದಲ 15,000ವನ್ನು ತಾವೇ ಹಾಕಿಕೊಳ್ಳಲು ಒಪ್ಪಿದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 35, ಹೆಚ್ಚೆಂದರೆ 2,500 ರೂಪಾಯಿ, ರಿಯಾಯಿತಿ. ಆ 2,500 ಪೂರ್ತಿ ಸಿಕ್ಕರೆ, ಆರು ವರ್ಷಕ್ಕೊಂದು ಅಪಘಾತಕ್ಕಿಂತ ಕಡಿಮೆ ಆಗುವವರಿಗೆ ಅದು ಲಾಭವೇ. ವಾರಕ್ಕೆರಡು ಸಲ ಜಾಗರೂಕತೆಯಿಂದ ಓಡಿಸುವ ಅವರಿಗೆ ಹೇಳಿ ಮಾಡಿಸಿದ ಹಾಗಿದೆ. ಮೇಲಾಗಿ ಗೀರಿಗೆ ಕ್ಲೈಮ್ ಮಾಡಿದರೆ, ಕ್ಲೈಮ್ ಇಲ್ಲದ ವರ್ಷಗಳಿಗೆ ಶೇ 20ರಿಂದ 50ರ ತನಕ ಏರುವ ನೋ ಕ್ಲೈಮ್ ಬೋನಸ್ ಹೋಗುತ್ತದೆ.

ಈ ಮಾತಿನಲ್ಲಿ ಅವರೊಬ್ಬರೇ ಅಲ್ಲ. ಜಸ್ಟಿನ್ ಸಿಡ್ನರ್ ಅನ್ನುವ ಅರ್ಥಶಾಸ್ತ್ರಜ್ಞ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ಮನೆ ವಿಮೆಯ ಗ್ರಾಹಕರು ಕೈಯಿಂದ ಹಾಕಬೇಕಾದ ಮೊತ್ತವನ್ನು 1,000 ಡಾಲರಿನಿಂದ 500ಕ್ಕೆ ಇಳಿಸಿಕೊಳ್ಳಲು ವರ್ಷಕ್ಕೆ ಸುಮಾರು 100 ಡಾಲರ್ ಹೆಚ್ಚು ಕಟ್ಟುತ್ತಿದ್ದರು. ಕ್ಲೈಮ್ ಬರುತ್ತಿದ್ದದ್ದು ನೂರು ಮನೆಗೆ ನಾಲ್ಕೈದು ಮಾತ್ರ, ಅಂದರೆ 25 ಡಾಲರಿನಷ್ಟೂ ಬೆಲೆ ಬಾಳದ ರಕ್ಷಣೆಗೆ 100 ಡಾಲರ್. ಇದನ್ನು ಬಾಗಿದ ಗೆರೆಯಿಂದ ವಿವರಿಸಲು ಹೊರಟರೆ ಆ ಗೆರೆ ಎಷ್ಟು ಬಾಗಬೇಕೆಂದರೆ, ಅದೇ ಮನುಷ್ಯ ದೊಡ್ಡ ಮೊತ್ತದ ಯಾವ ಒಳ್ಳೆಯ ಅವಕಾಶವನ್ನೂ ಮುಟ್ಟಲಾರ. 2000ದಲ್ಲಿ ಮ್ಯಾಥ್ಯೂ ರೇಬಿನ್ ಗಣಿತದಿಂದಲೇ ಇದನ್ನು ತೋರಿಸಿದ್ದರು. ಹಾಗಾಗಿ ಸಣ್ಣ ನಷ್ಟದ ವಿಮೆಯನ್ನು ನಿರೀಕ್ಷಿತ ತುಷ್ಟಿಗುಣ ವಿವರಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ.

ಹಿರಿಯರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಹೇಳೋದು ದುಡ್ಡಿನ ಲೆಕ್ಕ. ಗೀರು ಬಿದ್ದ ದಿನ ಗ್ಯಾರೇಜಿಗೆ ಅಲೆದು, ಚೌಕಾಸಿ ಮಾಡಿ, ಮೋಸ ಹೋದೆನೇನೋ ಅಂತ ರಾತ್ರಿ ಯೋಚಿಸೋದು ನನಗೆ ಬೇಡ. ಅದಕ್ಕೆ ನಾನು ಕೊಡೋ ಬೆಲೆ ಅದು,” ಅಂದರು. ಒಬ್ಬರೇ ಇರುವವರು, ಎಪ್ಪತ್ತು ದಾಟಿದೆ. ಅವರು ಕೊಳ್ಳುತ್ತಿರುವುದು ರಿಸ್ಕ್‌ನಿಂದ ರಕ್ಷಣೆಯನ್ನಲ್ಲ, ಒಂದು ಸೇವೆಯನ್ನು ಎಂದು ತಿಳಿದರೆ ನನ್ನ ಆಕ್ಷೇಪ ಅರ್ಧ ಕಳಚಿಬೀಳುತ್ತದೆ. ಅದನ್ನು ವಿಮೆಯ ಲೆಕ್ಕದಲ್ಲಿ ಹಿಡಿಯಲು ಹೋದದ್ದು ನನ್ನ ತಪ್ಪು.

ಕ್ಯಾಬ್‌ನವರ ಹತ್ತಿರ ಬಾನೆಟ್ ಮೇಲಿನ ಮಾತು ಇನ್ನೊಂದು ಸಲ ಮುಂದುವರಿಯಿತು. ಸಣ್ಣಪುಟ್ಟ ಸೇರ್ಪಡೆಗಳೆಲ್ಲ ಬೇಡ, ಗಾಡಿ ಪೂರ್ತಿ ಹೋದರೆ ಕೈಹಿಡಿಯುವಷ್ಟು, ಬೆಂಕಿ, ಕಳ್ಳತನ, ದೊಡ್ಡ ಅಪಘಾತ, ಮಳೆಗಾಲಕ್ಕೆ ಎಂಜಿನ್ ಸೇರ್ಪಡೆ, ಇಷ್ಟು ಇಟ್ಟುಕೊಳ್ಳಿ ಎಂದು ನಾನು ಹೇಳಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ರಿನ್ಯೂವಲ್ ಬರುವುದು ಜೂನ್‌ನಲ್ಲಿ. ಜೂನ್‌ನಲ್ಲೇ ಇಬ್ಬರು ಮಕ್ಕಳ ಸ್ಕೂಲ್ ಫೀಸು, ಅದೇ ತಿಂಗಳು ಎರಡು ಟೈರು.

“ನೀವು ಹೇಳಿದ್ದು ಒಪ್ದೆ ಸಾರ್. ವರ್ಷಕ್ಕೆ ಅಷ್ಟು ದುಡ್ಡು ನನಗೆ ಭಾರ ಅಲ್ಲ. ಜೂನ್‌ನಲ್ಲಿ ಒಂದೇ ಸಲ ಅಷ್ಟು ದುಡ್ಡು ಭಾರ. ತಿಂಗಳಿಗಿಷ್ಟು ಅಂತ ಕಟ್ಟೋ ಹಾಗಿದ್ರೆ ಇವತ್ತೇ ಕಟ್ತೀನಿ.”

ಅವರ ತೂಕದ ಕಲ್ಲು ನನ್ನದಕ್ಕಿಂತ ಸೂಕ್ಷ್ಮವಾಗಿತ್ತು. ಚೆನ್ನಾಗಿರುವ ವರ್ಷದಲ್ಲಿ ರೂಪಾಯಿ ಹಗುರ ಎಂದು ನಾನು ಬರೆದುಕೊಂಡಿದ್ದೆ. ಚೆನ್ನಾಗಿರುವ ವರ್ಷದೊಳಗೂ ಒಂದು ಜೂನ್ ಇರುತ್ತದೆ, ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರುವ ಮೊದಲು ಕಂಪನಿ ಹೊಣೆ ಹೊರುವಂತಿಲ್ಲ. ಪ್ರೀಮಿಯಂ ಬಾರದೆ ಹೊಣೆ ಮಾತ್ರ ಉಳಿಯಬಾರದು ಎಂಬ ಕಾರಣಕ್ಕೆ ಇರುವ ನಿಯಮ ಅದು, ಅದಕ್ಕೂ ಅರ್ಥವಿದೆ. ಈ ವರ್ಷದ ಮಟ್ಟಿಗೆ ಅವರು ಚೀಟಿಯ ಒಂದು ಕಂತನ್ನು ತಡವಾಗಿ ಕಟ್ಟುವುದಾಗಿ ಚೀಟಿ ನಡೆಸುವವರನ್ನು ಕೇಳಿನೋಡುತ್ತೇನೆ ಅಂದರು. ಹಳೆಯ ಪಾಲಿಸಿಯನ್ನು ಮಡಿಸಿ ಡ್ಯಾಶ್‌ಬೋರ್ಡಿನೊಳಗೆ ಇಟ್ಟು, ಯಶವಂತಪುರದ ಬಾಡಿಗೆಗೆ ಹೊರಟರು. ಪಾಲಿಸಿಯ ಅವಧಿ ಮುಗಿಯಲು ಇನ್ನು ಹನ್ನೊಂದು ದಿನ ಇತ್ತು.